ಒಂದೇ 62ರ ಕಿತಾಪತಿ

ವೈದ್ಯ ವಿದ್ಯಾರ್ಥಿಯೊಬ್ಬಳ ಕಿರು ಅಧ್ಯಯನವೆಂದುಕೊಳ್ಳಿ. ಎರಡು ಗುಂಪು, ತಲಾ ಏಳು ಮಂದಿ. ಅಳೆದದ್ದು ರಕ್ತದ ಸಿಆರ್‌ಪಿ. ಮೊದಲ ಗುಂಪಿನಲ್ಲಿ 2, 3, 3, 4, 5, 5, 62. ಎರಡನೆಯದರಲ್ಲಿ 6, 7, 8, 8, 9, 11, 14.

ಸರಾಸರಿ ನೋಡಿದರೆ ಮೊದಲ ಗುಂಪೇ ಮುಂದು: 12, ಎದುರಿಗೆ 9. ನಡುವಿನ ಅಂಕೆ ನೋಡಿದರೆ ತಿರುಗುಮುರುಗು: 4 ಮತ್ತು 8.

ಸರಾಸರಿಯನ್ನೇ ನಂಬುವ ಪ್ಯಾರಾಮೆಟ್ರಿಕ್ ಟಿ-ಪರೀಕ್ಷೆಗೆ ಇಲ್ಲಿ ವ್ಯತ್ಯಾಸವೇ ಕಾಣದು. ಲಾಗರಿದಮ್ ತೆಗೆದರೂ 62ರ ಆರ್ಭಟ ಪೂರ್ತಿ ಅಡಗದು. ಮ್ಯಾನ್-ವಿಟ್ನಿ ಪರೀಕ್ಷೆ ಬೆಲೆಗಳನ್ನು ಬಿಟ್ಟು ಕ್ರಮಾಂಕ ನೋಡುತ್ತದೆ. ಅದಕ್ಕೆ 62 ಬರೀ ‘ಎಲ್ಲರಿಗಿಂತ ದೊಡ್ಡದು’. 49 ಜೋಡಿಗಳಲ್ಲಿ 42ರಲ್ಲಿ ಎರಡನೇ ಗುಂಪಿಗೇ ಗೆಲುವು. ಪಿ ಬೆಲೆ 0.05ಕ್ಕಿಂತ ಕಡಿಮೆ.

ಏಳೇ ಮಂದಿಯಿದ್ದಾಗ ಶಪಿರೋ-ವಿಲ್ಕ್ ಪರೀಕ್ಷೆ ಸಾಧಾರಣ ಓರೆಯನ್ನು ಹಿಡಿಯದೇ ಹೋಗಬಹುದು. ಆದ್ದರಿಂದ ಪರೀಕ್ಷೆಯನ್ನು ಮೊದಲೇ ನಿರ್ಧರಿಸಬೇಕು. ಎರಡನ್ನೂ ಮಾಡಿ ಚೆನ್ನಾಗಿ ಬಂದದ್ದನ್ನು ಆರಿಸುವುದು ಮೋಸವೇ. ಇನ್ನು ಆ 62? ಅಳಿಸುವಂತಿಲ್ಲ, ಆ ರೋಗಿಗೆ ಸೋಂಕಿತ್ತೇ ಎಂದು ಕೇಸ್ ಶೀಟ್ ನೋಡಬೇಕು.