ಗುರುಕಾಣಿಕೆಯ ಜೊತೆಗೊಂದು ಬಿನ್ನವತ್ತಳೆ

ನಿವೃತ್ತರಾಗುವ ಪ್ರಾಧ್ಯಾಪಕರಿಗೆ ಹಳೆಯ ವಿದ್ಯಾರ್ಥಿಗಳು ಕಾಣಿಕೆ ಕೊಡುವಾಗ ಅದರೊಂದಿಗೆ ಓದಿ ಒಪ್ಪಿಸುವ ಪತ್ರಕ್ಕೆ ಕನ್ನಡದಲ್ಲಿ ಬಿನ್ನವತ್ತಳೆ ಎನ್ನುತ್ತಾರೆ. ಬಿನ್ನಹ ಎಂದರೆ ವಿನಯದ ಅರಿಕೆ. ಪತ್ರದ ಸ್ವರೂಪವನ್ನು ಈ ಹೆಸರೇ ಹೇಳುತ್ತದೆ. ಸಂಸ್ಥೆಯೊಂದು ಕೊಡುವ ಸನ್ಮಾನಪತ್ರದಲ್ಲಿ ವ್ಯಕ್ತಿಯ ಪದವಿ, ಪ್ರಶಸ್ತಿ, ಸಾಧನೆಗಳ ವಿವರ ಇರುತ್ತದೆ. ಅದು ಸಭೆಗೆ ವ್ಯಕ್ತಿಯನ್ನು ಪರಿಚಯಿಸುತ್ತದೆ. ಬಿನ್ನವತ್ತಳೆಗೆ ಪರಿಚಯಿಸುವ ಕೆಲಸವಿಲ್ಲ. ಅದು ಶಿಷ್ಯರು ಗುರುವಿನ ಎದುರು ನಿಂತು ನೇರವಾಗಿ ಆಡುವ ಮಾತು. ಹಾಗಾಗಿ ‘ಅವರು’ ಎಂಬಲ್ಲಿ ‘ತಾವು’ ಬರುತ್ತದೆ, ‘ವಿದ್ಯಾರ್ಥಿಗಳು’ ಎಂಬಲ್ಲಿ ‘ನಾವು’ ಬರುತ್ತದೆ.

ಅಧ್ಯಾಪಕರನ್ನು ಬೀಳ್ಕೊಡುವ ಸಂಪ್ರದಾಯ ಕನ್ನಡನಾಡಿನ ಕಾಲೇಜುಗಳಲ್ಲಿ ಹಳೆಯದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣದವರೆಗೆ ಹೋದ ಪ್ರಸಂಗ ಪ್ರಸಿದ್ಧವಾಗಿದೆ. ಅದು ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವವರಿಗೆ ಕೊಟ್ಟ ವಿದಾಯ. ಬರವಣಿಗೆಯ ರೂಪದ ಕಾಣಿಕೆಗೆ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದ ಬಿ.ಎಂ. ಶ್ರೀಕಂಠಯ್ಯನವರದು ದೊಡ್ಡ ನಿದರ್ಶನ. ಅವರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ ಕನ್ನಡದ ಮೊದಲ ಅಭಿನಂದನ ಗ್ರಂಥವೆಂದು ಹೆಸರಾಗಿದೆ. ಪುಸ್ತಕ ಹೊರತರಲು ಆಗದವರು ಅದೇ ಭಾವವನ್ನು ಒಂದು ಹಾಳೆಯಲ್ಲಿ ಹೇಳುತ್ತಾರೆ. ಆ ಹಾಳೆಯೇ ಬಿನ್ನವತ್ತಳೆ.

ಒಳ್ಳೆಯ ಬಿನ್ನವತ್ತಳೆಗೆ ಐದು ಅಂಗಗಳಿರುತ್ತವೆ: ಸಂಬೋಧನೆ, ನೆನಪು, ಆ ನೆನಪಿನಿಂದ ಶಿಷ್ಯರ ಬಾಳಿಗೆ ಬಂದದ್ದು, ಕಾಣಿಕೆಯ ಅರ್ಪಣೆ, ಹಾರೈಕೆಯೊಡನೆ ಮುಕ್ತಾಯ. ಇವುಗಳಲ್ಲಿ ಸಂಬೋಧನೆಯೂ ಮುಕ್ತಾಯವೂ ಬಹುಮಟ್ಟಿಗೆ ರೂಢಿಯ ಮಾತುಗಳು. ಪತ್ರದ ಜೀವ ಇರುವುದು ನಡುವಿನ ಮೂರು ಅಂಗಗಳಲ್ಲಿ. ಒಂದು ಮಾದರಿಯನ್ನು ಎದುರಿಗಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ಪ್ರಾಧ್ಯಾಪಕರಿಗೆ ಬರೆದ ಪತ್ರ ಇದೆಂದು ಭಾವಿಸಬಹುದು:

“ಪೂಜ್ಯ ಗುರುಗಳಿಗೆ ಹಳೆಯ ವಿದ್ಯಾರ್ಥಿಗಳ ಸವಿನಯ ನಮಸ್ಕಾರಗಳು.

ಮೊದಲ ವರ್ಷ ತಾವು ನಮ್ಮನ್ನು ಮಲೆನಾಡಿಗೆ ಕರೆದುಕೊಂಡು ಹೋದಾಗ, ಕೈಗೆ ಸಿಕ್ಕ ಎಲೆಯನ್ನೆಲ್ಲ ಕಿತ್ತು ಚೀಲ ತುಂಬಿಕೊಂಡಿದ್ದೆವು. ಸಂಜೆ ತಾವು ಚೀಲಗಳನ್ನು ಬಿಚ್ಚಿಸಿ, ಹೂವೂ ಕಾಯೂ ಇಲ್ಲದ ಬರಿಯ ಎಲೆಯಿಂದ ಗಿಡವನ್ನು ಗುರುತಿಸುವುದು ಎಷ್ಟು ಕಷ್ಟವೆಂದು ತೋರಿಸಿಕೊಟ್ಟಿರಿ. ಯಾರನ್ನೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಕೊರಳಲ್ಲಿದ್ದ ಮಸೂರವನ್ನು ತೆಗೆದು ಸರದಿಯಂತೆ ಎಲ್ಲರ ಕೈಗೂ ಕೊಟ್ಟಿರಿ. ಹುಲ್ಲಿಗೂ ಹೂವಿದೆ ಎಂದು ನಾವು ಕಂಡದ್ದು ಅಂದು.

ಹಳೆಯ ಪತ್ರಿಕೆಗಳ ನಡುವೆ ಗಿಡಗಳನ್ನು ಒತ್ತಿಟ್ಟು, ದಿನವೂ ಕಾಗದ ಬದಲಿಸಿ ಒಣಗಿಸುವುದನ್ನು ತಮ್ಮಿಂದ ಕಲಿತೆವು. ಊರು, ತಾರೀಖು ಬರೆಯದ ಹಾಳೆಯನ್ನು ತಾವು ಹಿಂದಕ್ಕೆ ಕೊಡುತ್ತಿದ್ದಿರಿ. ಇಂದು ನಮ್ಮಲ್ಲಿ ಕೆಲವರು ಅರಣ್ಯ ಇಲಾಖೆಯಲ್ಲಿದ್ದೇವೆ, ಕೆಲವರು ತೋಟ ನೋಡಿಕೊಳ್ಳುತ್ತೇವೆ, ಕೆಲವರು ಬ್ಯಾಂಕಿನಲ್ಲಿದ್ದೇವೆ. ಏನನ್ನು ಬರೆದಿಟ್ಟರೂ ಎಲ್ಲಿ, ಯಾವಾಗ ಎಂಬುದನ್ನು ಬಿಡದ ಅಭ್ಯಾಸ ಎಲ್ಲರಲ್ಲೂ ಉಳಿದಿದೆ.

ತಮಗೆಂದು ಒಂದು ಹೊಸ ಮಸೂರ ತಂದಿದ್ದೇವೆ. ಜೊತೆಗೆ ತಮ್ಮ ಹೆಸರಿನಲ್ಲಿ ಕಾಲೇಜಿಗೆ ಒಂದು ದತ್ತಿಯನ್ನು ಒಪ್ಪಿಸಿದ್ದೇವೆ. ಅದರ ಬಡ್ಡಿಯಿಂದ ಪ್ರತಿವರ್ಷ ಮೊದಲ ವರ್ಷದ ಮಕ್ಕಳು ಒಂದು ದಿನ ಕಾಡು ನೋಡಿಬರಲಿ ಎಂಬುದು ನಮ್ಮ ಆಸೆ. ಈ ಕಿರುಕಾಣಿಕೆಯನ್ನು ಸ್ವೀಕರಿಸಿ ನಮ್ಮನ್ನು ಹರಸಬೇಕು. ತಮಗೂ ಮನೆಯವರಿಗೂ ದೇವರು ಆಯುರಾರೋಗ್ಯ ಕೊಡಲಿ.

ಇತಿ, ತಮ್ಮ ವಿಧೇಯ ವಿದ್ಯಾರ್ಥಿಗಳು.”

ಈ ಪತ್ರದಲ್ಲಿ ಹೊಗಳಿಕೆಯ ವಿಶೇಷಣ ಒಂದೂ ಇಲ್ಲ. ತಾಳ್ಮೆಯುಳ್ಳವರು ಎನ್ನುವ ಬದಲು ಚೀಲ ಬಿಚ್ಚಿಸಿದ ಸಂಜೆ ಇದೆ, ಶಿಸ್ತಿನವರು ಎನ್ನುವ ಬದಲು ಹಿಂದಕ್ಕೆ ಬಂದ ಹಾಳೆ ಇದೆ. ಗುಣದ ಹೆಸರನ್ನು ಹೇಳಿದರೆ ಕೇಳುವವರು ಅದನ್ನು ನಂಬಬೇಕಾಗುತ್ತದೆ. ಆ ಗುಣ ಕಂಡ ಗಳಿಗೆಯನ್ನು ಹೇಳಿದರೆ ಅವರೇ ಗುಣವನ್ನು ಗುರುತಿಸುತ್ತಾರೆ. ಎರಡನೆಯ ಸಂಗತಿಯೆಂದರೆ, ನೆನಪಿಗೂ ಕಾಣಿಕೆಗೂ ನಂಟಿದೆ. ಮಸೂರ ಮೊದಲು ನೆನಪಿನಲ್ಲಿ ಬಂದು ಆಮೇಲೆ ಕಾಣಿಕೆಯಾಗಿ ಬರುತ್ತದೆ, ಕಾಡಿನ ಪ್ರವಾಸ ದತ್ತಿಯಾಗಿ ಬರುತ್ತದೆ. ಕಾಣಿಕೆಯನ್ನು ಮೊದಲೇ ಕೊಂಡು ಪತ್ರವನ್ನು ಹಿಂದಿನ ರಾತ್ರಿ ಬರೆಯುವವರಿಗೆ ಈ ನಂಟು ಸಿಗುವುದಿಲ್ಲ. ನೆನಪುಗಳನ್ನು ಮೊದಲು ಕೂಡಿಸಿ, ಅವುಗಳಿಂದ ಕಾಣಿಕೆಯನ್ನು ಆರಿಸುವುದು ಸರಿಯಾದ ಕ್ರಮ.

ನೆನಪು ಕೂಡಿಸುವ ಕೆಲಸಕ್ಕೆ ಒಂದೆರಡು ತಿಂಗಳಾದರೂ ಬೇಕು. ಮೂವತ್ತು ವರ್ಷದ ಸೇವೆಯಲ್ಲಿ ಮೊದಲ ತಂಡದವರಿಗೆ ಈಗ ಐವತ್ತು ದಾಟಿರುತ್ತದೆ, ಕೊನೆಯ ತಂಡದವರಿಗೆ ಇಪ್ಪತ್ತೆರಡು. ಒಂದೇ ತಂಡದವರು ಬರೆದರೆ ಅದು ಅವರ ಮೂರು ವರ್ಷಗಳ ಪತ್ರವಾಗುತ್ತದೆ, ಉಳಿದವರು ಅದರಲ್ಲಿ ತಮ್ಮನ್ನು ಕಾಣುವುದಿಲ್ಲ. ಹತ್ತು ವರ್ಷಕ್ಕೆ ಇಬ್ಬರಂತೆ ಆರು ಜನರನ್ನು ಹಿಡಿದು, ‘ಅವರ ತರಗತಿಯಲ್ಲಿ ನಡೆದ ಒಂದು ಘಟನೆ ಹೇಳಿ’ ಎಂದು ಕೇಳಿದರೆ ಸಾಕಷ್ಟು ಸಾಮಗ್ರಿ ಸಿಗುತ್ತದೆ. ಬೇರೆಬೇರೆ ಕಾಲದವರ ಮಾತಿನಲ್ಲಿ ಮತ್ತೆಮತ್ತೆ ಬರುವ ಸಂಗತಿಯೇ ಪತ್ರಕ್ಕೆ ತಕ್ಕದ್ದು. ಮಾದರಿಯಲ್ಲಿ ಊರು, ತಾರೀಖಿನ ಚೀಟಿ ಅಂಥದ್ದು. ಎಲ್ಲರ ನೆನಪನ್ನೂ ಕೇಳಿದರೂ ಬರೆಯುವವರು ಒಬ್ಬರೇ ಇರಬೇಕು. ನಾಲ್ವರು ಒಂದೊಂದು ಪ್ಯಾರಾ ಬರೆದು ಜೋಡಿಸಿದ ಪತ್ರದಲ್ಲಿ ಒಂದು ಕಡೆ ‘ತಾವು’, ಇನ್ನೊಂದು ಕಡೆ ‘ನೀವು’ ಬಂದು ಧ್ವನಿ ಒಡೆಯುತ್ತದೆ.

ಹಣ ಕೂಡಿಸುವುದು ಇದಕ್ಕಿಂತ ನಾಜೂಕಿನ ಕೆಲಸ. ಮಾದರಿಯ ಲೆಕ್ಕವನ್ನೇ ಮುಂದುವರಿಸಿ, 140 ಜನ ಸರಾಸರಿ 2,000 ರೂಪಾಯಿ ಕೊಟ್ಟರೆಂದು ಹಿಡಿದರೆ 2,80,000 ರೂಪಾಯಿ ಆಗುತ್ತದೆ. ಸಮಾರಂಭ, ಮಸೂರ, ಪತ್ರದ ಮುದ್ರಣ, ಚೌಕಟ್ಟಿಗೆ 30,000 ತೆಗೆದರೆ ಉಳಿಯುವುದು 2,50,000. ಶೇಕಡ 6.5ರ ಬಡ್ಡಿ ಸಿಕ್ಕರೆ ವರ್ಷಕ್ಕೆ 16,250 ರೂಪಾಯಿ ಬರುತ್ತದೆ. ಹತ್ತಿರದ ಊರಿಗೆ ಒಂದು ದಿನದ ಪ್ರವಾಸಕ್ಕೆ ಅದು ನೆರವಾದೀತು, ಮೂರು ದಿನದ ಪ್ರವಾಸಕ್ಕೆ ಸಾಲದು. ಬಸ್ಸಿನ ಬಾಡಿಗೆ ಏರುತ್ತ ಹೋಗುತ್ತದೆ, ಠೇವಣಿಯ ಮೊತ್ತ ನಿಂತಲ್ಲೇ ನಿಂತಿರುತ್ತದೆ. ಆದ್ದರಿಂದ ಪತ್ರದಲ್ಲಿ ‘ಪ್ರವಾಸದ ಪೂರ್ತಿ ವೆಚ್ಚ’ ಎಂಬಂಥ ಮಾತು ಕೊಡಬಾರದು. ‘ಬಡ್ಡಿಯಿಂದ ನೆರವು’ ಎಂದರೆ ಹತ್ತು ವರ್ಷದ ಬಳಿಕವೂ ಅದು ಸುಳ್ಳಾಗುವುದಿಲ್ಲ. ಯಾರು ಎಷ್ಟು ಕೊಟ್ಟರು ಎಂಬ ವಿವರಕ್ಕೆ ಪತ್ರದಲ್ಲಿ ಜಾಗವಿಲ್ಲ. ಹೆಸರುಗಳ ಪಟ್ಟಿ ಹಾಕುವುದಾದರೆ ತಂಡವಾರು, ತಂಡದೊಳಗೆ ಅಕ್ಷರಕ್ರಮದಲ್ಲಿ ಇರಬೇಕು. ಹೆಚ್ಚು ಕೊಟ್ಟವರ ಹೆಸರು ಮೇಲೆ ಬಂದರೆ ಗುರುಕಾಣಿಕೆ ವಂತಿಗೆಯ ಪಟ್ಟಿಯಾಗಿಬಿಡುತ್ತದೆ.

ಸರ್ಕಾರಿ ಕಾಲೇಜಿನ ಪ್ರಾಧ್ಯಾಪಕರಿಗೆ ಕೊಡುವಾಗ ಸೇವಾ ನಿಯಮಗಳನ್ನು ನೋಡಬೇಕು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 13ನೆಯದು ಉಡುಗೊರೆಗಳನ್ನು ಕುರಿತದ್ದು. 14ನೆಯದು ನೌಕರರ ಗೌರವಾರ್ಥ ನಡೆಯುವ ಸಭೆಗಳಿಗೂ ಅವರಿಗೆ ಅರ್ಪಿಸುವ ಅಭಿನಂದನೆ, ವಿದಾಯದ ಪತ್ರಗಳಿಗೂ ಸರ್ಕಾರದ ಪೂರ್ವಾನುಮತಿ ಬೇಕೆನ್ನುತ್ತದೆ. ನಿವೃತ್ತಿ ಅಥವಾ ವರ್ಗಾವಣೆಯ ಸಂದರ್ಭದಲ್ಲಿ ಖಾಸಗಿಯಾಗಿ, ಆಡಂಬರವಿಲ್ಲದೆ ನಡೆಯುವ ಬೀಳ್ಕೊಡುಗೆ ಕೂಟಕ್ಕೆ ವಿನಾಯಿತಿ ಕೊಡುತ್ತದೆ. ರಾಜ್ಯದ ನೌಕರರಿಗೂ ಅವರದೇ ನಡತೆ ನಿಯಮಗಳಿವೆ. ನಿಯಮದ ಮಿತಿಯನ್ನು ಕಾಲೇಜಿನ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಸರ್ಕಾರಿ ಸೇವೆಯಲ್ಲಿ ನಿವೃತ್ತಿ ಸಾಮಾನ್ಯವಾಗಿ ತಿಂಗಳ ಕೊನೆಯ ದಿನ ಆಗುತ್ತದೆ. ಸಮಾರಂಭವನ್ನು ಅದರ ನಂತರದ ಭಾನುವಾರಕ್ಕೆ ಇಟ್ಟುಕೊಂಡರೆ ಮುಜುಗರ ಕಡಿಮೆ, ದೂರದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಬರಲೂ ಅನುಕೂಲ. ಬೆಲೆಬಾಳುವ ವಸ್ತುವನ್ನು ಅವರ ಕೈಗೆ ಕೊಡದೆ, ದೊಡ್ಡ ಮೊತ್ತವನ್ನು ಕಾಲೇಜಿನ ದತ್ತಿಯಾಗಿಸಿದ ಮಾದರಿಯ ಕ್ರಮದಲ್ಲಿ ಈ ವಿವೇಕವೂ ಇದೆ.

ಬಿನ್ನವತ್ತಳೆ ಕೆಡುವ ಬಗೆಗಳಲ್ಲಿ ಎರಡು ಹೆಚ್ಚು ಕಾಣಸಿಗುತ್ತವೆ. ಮೊದಲನೆಯದು ಸವಕಲು ವಿಶೇಷಣಗಳು: ಅಜಾತಶತ್ರು, ಸರಳಜೀವಿ, ಜ್ಞಾನಭಂಡಾರ. ಇದನ್ನು ಪತ್ತೆಹಚ್ಚುವುದು ಸುಲಭ. ಪತ್ರದಲ್ಲಿರುವ ಹೆಸರನ್ನು ಅಳಿಸಿ ಪಕ್ಕದ ವಿಭಾಗದವರ ಹೆಸರು ಹಾಕಿ ಓದಿನೋಡಬೇಕು. ಆಗಲೂ ಪತ್ರ ಹೊಂದುತ್ತದೆ ಎನಿಸಿದರೆ ಅದು ಇವರಿಗೆ ಬರೆದದ್ದಲ್ಲ. ಎರಡನೆಯದು ಶ್ರದ್ಧಾಂಜಲಿಯ ದನಿ. ‘ತಮ್ಮಂಥವರನ್ನು ಇನ್ನು ಕಾಣಲಾರೆವು’, ‘ತುಂಬಲಾರದ ನಷ್ಟ’ ಎಂಬ ಮಾತುಗಳು ಬಂದರೆ, ನಾಳೆ ಬೆಳಿಗ್ಗೆ ಎಂದಿನಂತೆ ಎದ್ದು ವಾಯುವಿಹಾರಕ್ಕೆ ಹೋಗುವವರ ಮನಸ್ಸು ಕುಂದುತ್ತದೆ. ನಿವೃತ್ತಿಯಾಗುವುದು ಹುದ್ದೆಯಿಂದ, ಗುರುಶಿಷ್ಯ ಸಂಬಂಧಕ್ಕೆ ಕೊನೆಯ ದಿನವಿಲ್ಲ. ಅವರ ಅನಾರೋಗ್ಯ, ಮನೆಯ ದುಃಖ, ಸಿಗದೇ ಹೋದ ಬಡ್ತಿ ಇವುಗಳನ್ನೂ ಎತ್ತಬಾರದು. ಹೆಸರಿನ ಮುಂದಿನ ಅಕ್ಷರಗಳು, ಪದವಿ, ಸೇರಿದ ವರ್ಷಗಳನ್ನು ಮುದ್ರಣಕ್ಕೆ ಮುನ್ನ ಕಚೇರಿಯ ದಾಖಲೆಯೊಂದಿಗೆ ಹೋಲಿಸಿಕೊಳ್ಳಬೇಕು. ಚೌಕಟ್ಟಿನೊಳಗೆ ಹೋದ ತಪ್ಪು ಗೋಡೆಯ ಮೇಲೆ ಉಳಿಯುತ್ತದೆ.

ಸಭೆಯಲ್ಲಿ ಪತ್ರವನ್ನು ಓದಲು ಮೂರು ನಿಮಿಷ ಮೀರಬಾರದು. ಸುಮಾರು ಮುನ್ನೂರು ಪದಗಳ ಒಳಗಿದ್ದರೆ ನಿಧಾನವಾಗಿ ಓದಲು ಬರುತ್ತದೆ. ಶಾಲು, ಹಾರ, ಫಲತಾಂಬೂಲಗಳ ಸನ್ಮಾನ ಮುಗಿದ ಮೇಲೆ, ಗುರುಗಳು ಕುಳಿತು ಕೇಳುವಾಗ ಓದಬೇಕು. ಓದುವವರು ಸಭೆಯತ್ತ ತಿರುಗದೆ ಅವರತ್ತ ತಿರುಗಿ ನಿಲ್ಲಬೇಕು. ಓದಿ ಮುಗಿಸಿ ಎರಡೂ ಕೈಗಳಿಂದ ಒಪ್ಪಿಸಿ, ಬಳಿಕ ಕಾಣಿಕೆ ಕೊಡುವುದು ರೂಢಿಗೆ ಒಪ್ಪುವ ಕ್ರಮ. ಮೂಲಪ್ರತಿ ಗುರುಗಳ ಮನೆಗೆ ಹೋಗುತ್ತದೆ. ಇನ್ನೊಂದು ಪ್ರತಿಯನ್ನು ತಾರೀಖು, ಊರು, ಸಹಿ ಮಾಡಿದವರ ಹೆಸರುಗಳ ಸಮೇತ ಕಾಲೇಜಿನ ಗ್ರಂಥಾಲಯಕ್ಕೆ ಕೊಡಬೇಕು. ಆ ತರಗತಿಗಳಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಎಂಬುದು ಹಾಜರಿ ಪುಸ್ತಕದಲ್ಲಾಗಲಿ ಅಂಕಪಟ್ಟಿಯಲ್ಲಾಗಲಿ ಸಿಗುವುದಿಲ್ಲ. ಅದು ಬರೆದಿಟ್ಟಿರುವುದು ಈ ಪತ್ರದಲ್ಲಿ.