ನೆಟ್ ಇದೆ, ಟಿವಿ ಮಾತ್ರ ಕಾಣುತ್ತಿಲ್ಲ

ಮನೆಗೆ ಬಂದ ನೆಂಟರಿಗೆ ಗೆಸ್ಟ್ ವೈಫೈ ಪಾಸ್‌ವರ್ಡ್ ಕೊಡುತ್ತೀರಿ. ಅವರ ಫೋನಿನಲ್ಲಿ ಯೂಟ್ಯೂಬ್ ಸರಾಗವಾಗಿ ಓಡುತ್ತದೆ. ಮದುವೆಯ ವಿಡಿಯೊ ಟಿವಿಯಲ್ಲಿ ನೋಡೋಣವೆಂದು ಕಾಸ್ಟ್ ಗುರುತು ಒತ್ತಿದರೆ ಟಿವಿಯ ಹೆಸರೇ ಬರುವುದಿಲ್ಲ. ಎರಡರಲ್ಲೂ ನೆಟ್ ಇರುವಾಗ ಹೀಗೇಕೆ?

ಕಾಸ್ಟ್ ಮಾಡುವಾಗ ಸಾಮಾನ್ಯವಾಗಿ ಫೋನು ವಿಡಿಯೊವನ್ನು ಟಿವಿಗೆ ಕಳಿಸುವುದಿಲ್ಲ. ಯಾವ ವಿಡಿಯೊ ಎಂದು ಹೇಳುತ್ತದೆ ಅಷ್ಟೆ. ಉಳಿದದ್ದನ್ನು ಟಿವಿಯೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಆದರೆ ಹಾಗೆ ಹೇಳಲು ಮೊದಲು ಟಿವಿ ಸಿಗಬೇಕು. ಅದಕ್ಕಾಗಿ ಫೋನು 224.0.0.251 ಎಂಬ ವಿಳಾಸಕ್ಕೆ ಒಂದು ಪ್ರಶ್ನೆ ಕಳಿಸುತ್ತದೆ. ಹಜಾರದಲ್ಲಿ ನಿಂತು ‘ಯಾರಿದ್ದೀರಿ?’ ಎಂದು ಕೂಗಿದ ಹಾಗೆ ಅದು ಆ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಕೇಳಿಸಬೇಕು, ಕೇಳಿಸಿಕೊಂಡ ಟಿವಿ ಓಗೊಡಬೇಕು. ಈ ಕೂಗು ಒಂದು ನೆಟ್‌ವರ್ಕ್ ದಾಟಿ ಇನ್ನೊಂದಕ್ಕೆ ಹೋಗದು.

ಗೆಸ್ಟ್ ನೆಟ್‌ವರ್ಕ್ ಇರುವುದೇ ಅಪರಿಚಿತ ಫೋನುಗಳನ್ನು ಮನೆಯ ಸಾಧನಗಳಿಂದ ದೂರವಿಡಲು. ಅಲ್ಲಿರುವವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಟಿವಿ, ಪ್ರಿಂಟರ್ ಸಿಗುವುದಿಲ್ಲ. ಹಾಗಾಗಿ ಇದು ಕೆಟ್ಟಿರುವುದಲ್ಲ, ರೂಟರ್ ತನ್ನ ಕೆಲಸ ಮಾಡುತ್ತಿರುವುದು.

2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡುಗಳ ಕಥೆ ಬೇರೆ. ಹಳೆಯ ಟಿವಿಗಳು ಬಹುಪಾಲು 2.4ನ್ನು ಮಾತ್ರ ಹಿಡಿಯುತ್ತವೆ, ಫೋನು 5ರಲ್ಲಿರುತ್ತದೆ. ಒಂದೇ ರೂಟರಿನ ಎರಡು ಬ್ಯಾಂಡುಗಳು ಸಾಧಾರಣವಾಗಿ ಒಂದೇ ನೆಟ್‌ವರ್ಕ್ ಆದ್ದರಿಂದ ಕಾಸ್ಟ್ ಆಗಲೇಬೇಕು. ಆಗದಿದ್ದರೆ, ಆ ಕೂಗು ಬ್ಯಾಂಡಿನಿಂದ ಬ್ಯಾಂಡಿಗೆ ದಾಟದಂತೆ ರೂಟರ್ ತಡೆಯುತ್ತಿರಬಹುದು.

ಯಾವ ತೊಂದರೆ ಎಂದು ತಿಳಿಯಲು ಫೋನು ಮತ್ತು ಟಿವಿ ಎರಡರ ವೈಫೈ ಸೆಟ್ಟಿಂಗ್ಸಿನಲ್ಲೂ ಐಪಿ ವಿಳಾಸ ನೋಡಿ. ಟಿವಿಯದು 192.168.1.35, ಫೋನಿನದು 192.168.5.12 ಎಂದಿಟ್ಟುಕೊಳ್ಳಿ. ಮನೆಯ ರೂಟರುಗಳಲ್ಲಿ ಮೊದಲ ಮೂರು ಸಂಖ್ಯೆಗಳು ಹೀಗೆ ಬೇರೆಯಾದರೆ ನೆಟ್‌ವರ್ಕೇ ಬೇರೆ ಎಂದರ್ಥ. ಫೋನು ಗೆಸ್ಟಿನಲ್ಲಿರಬಹುದು, ಇಲ್ಲವೇ ಮಹಡಿಯಲ್ಲಿ ಹಾಕಿಸಿದ ಎರಡನೇ ರೂಟರ್ ತನ್ನದೇ ನೆಟ್‌ವರ್ಕ್ ಕಟ್ಟಿಕೊಂಡಿರಬಹುದು. ಆ ಎರಡನೆಯದನ್ನು Access Point ಮೋಡಿಗೆ ಬದಲಿಸಿದರೆ ಎರಡೂ ಒಂದಾಗುತ್ತವೆ. ಮೂರೂ ಸಂಖ್ಯೆ ಒಂದೇ ಆಗಿದ್ದರೂ ಟಿವಿ ಕಾಣದಿದ್ದರೆ ಫೋನನ್ನು ಟಿವಿ ಇರುವ ಬ್ಯಾಂಡಿಗೇ ಹಾಕಿ ನೋಡಿ. ಆಗ ಕಂಡರೆ ತಡೆ ಬ್ಯಾಂಡುಗಳ ನಡುವೆ ಇದೆ. ಆಗಲೂ ಕಾಣದಿದ್ದರೆ ರೂಟರ್ ಸೆಟ್ಟಿಂಗ್ಸಿನಲ್ಲಿ AP Isolation ಆನ್ ಆಗಿದೆಯೇ ನೋಡಿ. ಅದು ಒಂದೇ ವೈಫೈಯಲ್ಲಿರುವವರನ್ನೂ ಪರಸ್ಪರ ಕಾಣದಂತೆ ಮಾಡುತ್ತದೆ.

ಇನ್ನು ನೆಂಟರ ವಿಡಿಯೊ. ಮನೆಯ ಪಾಸ್‌ವರ್ಡ್ ಕೊಡಲು ಮನಸ್ಸಿಲ್ಲದಿದ್ದರೆ, ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸಿನಲ್ಲಿ Link with TV code ತೆರೆದು, ಅಲ್ಲಿ ಬರುವ ಕೋಡನ್ನು ಅವರ ಯೂಟ್ಯೂಬಿನಲ್ಲಿ ಹಾಕಿಸಿ. ಈ ಜೋಡಣೆ ಇಂಟರ್ನೆಟ್ ಮೂಲಕ ಆಗುವುದರಿಂದ ಅವರು ಗೆಸ್ಟ್ ವೈಫೈಯಲ್ಲಿದ್ದೇ ವಿಡಿಯೊ ಹಾಕಬಹುದು.