ರಾತ್ರಿ ವಾಚನ್ನು ಇಡುವ ಭಂಗಿ: ಡಯಲ್ ಮೇಲೋ, ಕ್ರೌನ್ ಕೆಳಗೋ?

ಆಟೊಮ್ಯಾಟಿಕ್ ವಾಚನ್ನು ರಾತ್ರಿ ಬಿಚ್ಚಿಟ್ಟಾಗ ಅದು ಯಾವ ಭಂಗಿಯಲ್ಲಿದೆ ಎಂಬುದರ ಮೇಲೆ, ಬೆಳಗಾಗುವಷ್ಟರಲ್ಲಿ ಅದು ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಹೋಗುತ್ತದೆ ಎಂಬುದು ಅವಲಂಬಿಸಿರುತ್ತದೆ. ಬೆಲ್ಟ್ ಬಿಚ್ಚಿ ಮೇಜಿನ ಮೇಲೆ ಅಗಲವಾಗಿ ಇಟ್ಟರೆ ಡಯಲ್ ಮೇಲ್ಮುಖವಾಗಿ ಮಲಗುತ್ತದೆ. ಲೋಹದ ಚೈನಿನ ವಾಚನ್ನು ಕೊಂಡಿ ಹಾಕಿ ಪಕ್ಕಕ್ಕೆ ನಿಲ್ಲಿಸಿದರೆ ಅದರ ಕ್ರೌನ್, ಅಂದರೆ ಚಾವಿ ಕೊಡುವ ಮತ್ತು ಮುಳ್ಳು ತಿರುಗಿಸುವ ಪಕ್ಕದ ಗುಂಡಿ, ಕೆಳಗೆ ಬರುತ್ತದೆ ಅಥವಾ ಮೇಲೆ ಬರುತ್ತದೆ. ವಾಚು ಒಂದೇ, ಯಂತ್ರ ಒಂದೇ. ಆದರೂ ಈ ಭಂಗಿಗಳಲ್ಲಿ ಅದರ ನಡೆ ಬೇರೆಬೇರೆಯಾಗಿರುತ್ತದೆ. ಎಂಟು ಗಂಟೆಯ ರಾತ್ರಿಯಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳದ್ದು. ಆದರೆ ಹಗಲಿನಲ್ಲಿ ಸೇರಿಕೊಂಡ ತಪ್ಪನ್ನು ಅಳಿಸಿಹಾಕಲು ಆ ಕೆಲವು ಸೆಕೆಂಡುಗಳೇ ಎಷ್ಟೋ ಸಲ ಸಾಕಾಗುತ್ತವೆ.

ಕಾರಣ ಇರುವುದು ಬ್ಯಾಲೆನ್ಸ್ ಚಕ್ರದಲ್ಲಿ. ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗಿಗೆ ಕಟ್ಟುಬಿದ್ದ ಈ ಪುಟ್ಟ ಚಕ್ರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತ ಕಾಲವನ್ನು ಎಣಿಸುತ್ತದೆ. ಸೀಕೋ ಕಂಪನಿಯ ಎನ್‌ಎಚ್35ರಂಥ ಸಾಧಾರಣ ಯಂತ್ರದಲ್ಲಿ ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ ಆರು. ಸ್ವಿಸ್ ಯಂತ್ರಗಳಲ್ಲಿ ಬಹುಪಾಲು 28,800 ಬಡಿತದವು. ಚಕ್ರ ನಡುವಿನಿಂದ ಒಂದು ಬದಿಗೆ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದೇ ಅದರ ಬೀಸು. ಪೂರ್ತಿ ಚಾವಿ ತುಂಬಿದ, ಆರೋಗ್ಯವಾಗಿರುವ ವಾಚು ಮಲಗಿದ್ದಾಗ ಈ ಬೀಸು ಸುಮಾರು 270ರಿಂದ 310 ಡಿಗ್ರಿವರೆಗೆ ಇರುತ್ತದೆ. ಒಂದೊಂದು ಬೀಸಿಗೂ ತಗಲುವ ಸಮಯ ಕೂದಲೆಳೆಯಷ್ಟು ಬದಲಾದರೂ ಲಕ್ಷಾಂತರ ಬಡಿತಗಳಲ್ಲಿ ಅದು ಕೂಡುತ್ತ ಹೋಗಿ ದಿನದ ಕೊನೆಗೆ ಸೆಕೆಂಡುಗಳಾಗಿ ಕಾಣಿಸಿಕೊಳ್ಳುತ್ತದೆ.

ಡಯಲ್ ಮೇಲ್ಮುಖವಾಗಿದ್ದಾಗ ಬ್ಯಾಲೆನ್ಸ್ ಚಕ್ರದ ಅಚ್ಚು ನೆಟ್ಟಗೆ ನಿಂತಿರುತ್ತದೆ. ಅದರ ಇಡೀ ಭಾರ ಕೆಳತುದಿಯ ಒಂದು ಬಿಂದುವಿನ ಮೂಲಕ ನುಣುಪಾದ ಮಾಣಿಕ್ಯದ ಕಲ್ಲಿನ ಮೇಲೆ ಕೂರುತ್ತದೆ. ಬುಗುರಿ ತನ್ನ ಮೊಳೆಯ ಮೇಲೆ ನಿಂತು ಸುತ್ತುವ ಹಾಗೆ ಚಕ್ರ ಹೆಚ್ಚು ತಡೆಯಿಲ್ಲದೆ ತಿರುಗುತ್ತದೆ. ವಾಚನ್ನು ಪಕ್ಕಕ್ಕೆ ನಿಲ್ಲಿಸಿದಾಗ ಅಚ್ಚು ಅಡ್ಡವಾಗುತ್ತದೆ. ಆಗ ಎರಡು ತುದಿಗಳೂ ತಮ್ಮ ಕಲ್ಲಿನ ರಂಧ್ರಗಳ ಒಳಗೋಡೆಗೆ ಒರಗಿಕೊಂಡು ಉಜ್ಜುತ್ತವೆ. ಆ ತುದಿಗಳ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಆದರೂ ಘರ್ಷಣೆ ಗಣನೀಯವಾಗಿ ಹೆಚ್ಚಿ, ಬೀಸು 30ರಿಂದ 50 ಡಿಗ್ರಿಯಷ್ಟು ತಗ್ಗುತ್ತದೆ.

ಬೀಸು ಚಿಕ್ಕದಾದರೆ ಸಮಯ ಬದಲಾಗಬಾರದು ಎಂಬುದು ಸಿದ್ಧಾಂತ. ಒಳ್ಳೆಯ ಸುರುಳಿ ಸ್ಪ್ರಿಂಗ್ ದೊಡ್ಡ ಬೀಸನ್ನೂ ಚಿಕ್ಕ ಬೀಸನ್ನೂ ಒಂದೇ ಅವಧಿಯಲ್ಲಿ ಮುಗಿಸಬೇಕು. ನಿಜವಾದ ಯಂತ್ರದಲ್ಲಿ ಇದು ಪೂರ್ತಿಯಾಗಿ ಸಾಧ್ಯವಾಗುವುದಿಲ್ಲ. ವೇಗವನ್ನು ಹೊಂದಿಸುವ ಎರಡು ಪುಟ್ಟ ಪಿನ್ನುಗಳ ನಡುವೆ ಸ್ಪ್ರಿಂಗಿಗೆ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ಬೀಸು ದೊಡ್ಡದಾಗಿದ್ದಾಗ ಸ್ಪ್ರಿಂಗ್ ಈ ಪಿನ್ನುಗಳಿಗೆ ಹೆಚ್ಚು ಹೊತ್ತು ತಾಗಿಕೊಂಡಿರುತ್ತದೆ. ಬೀಸು ತಗ್ಗಿದರೆ ತಾಗುವ ಹೊತ್ತು ಕಡಿಮೆಯಾಗಿ, ಸ್ಪ್ರಿಂಗ್ ಉದ್ದವಾದಂತೆ ವರ್ತಿಸುತ್ತದೆ. ಉದ್ದ ಸ್ಪ್ರಿಂಗ್ ಎಂದರೆ ನಿಧಾನದ ನಡೆ. ಚಕ್ರಕ್ಕೆ ಬಲ ತುಂಬುವ ಎಸ್ಕೇಪ್‌ಮೆಂಟ್ ಕೂಡ ಬೀಸು ಕಡಿಮೆಯಾದಾಗ ವಾಚನ್ನು ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದಲೇ “ಮಲಗಿಸಿದರೆ ಮುಂದೆ, ನಿಲ್ಲಿಸಿದರೆ ಹಿಂದೆ” ಎಂಬ ಮಾತು ವಾಚು ಪ್ರಿಯರಲ್ಲಿ ಹಬ್ಬಿದೆ. ಬಹಳಷ್ಟು ವಾಚುಗಳಲ್ಲಿ ಅದು ನಿಜ. ಆದರೆ ಅದನ್ನು ನಿಯಮವೆಂದು ನಂಬಬಾರದು, ಏಕೆಂದರೆ ನಿಲ್ಲಿಸಿದ ವಾಚಿನ ಮೇಲೆ ಕೆಲಸ ಮಾಡುವ ಇನ್ನೊಂದು ಶಕ್ತಿಯಿದೆ.

ಆ ಶಕ್ತಿ ಗುರುತ್ವಾಕರ್ಷಣೆ. ಯಾವ ಬ್ಯಾಲೆನ್ಸ್ ಚಕ್ರವೂ ಸುತ್ತಲೂ ಸಮತೂಕವಾಗಿ ಇರುವುದಿಲ್ಲ. ಎಲ್ಲೋ ಒಂದು ಕಡೆ ಅತ್ಯಲ್ಪ ಹೆಚ್ಚು ಭಾರ ಉಳಿದಿರುತ್ತದೆ. ವಾಚು ಮಲಗಿದ್ದಾಗ ಈ ಭಾರ ಎಲ್ಲಿದ್ದರೂ ಲೆಕ್ಕಕ್ಕಿಲ್ಲ. ನಿಂತಾಗ ಮಾತ್ರ ನೆಲ ಅದನ್ನು ಸೆಳೆಯತೊಡಗುತ್ತದೆ. ಕ್ರೌನ್ ಕೆಳಗಿಟ್ಟಾಗ ಭಾರದ ಜಾಗ ಚಕ್ರದ ತಳಕ್ಕೆ ಬಂದರೆ, ಕ್ರೌನ್ ಮೇಲಿಟ್ಟಾಗ ಅದೇ ಜಾಗ ನೆತ್ತಿಗೆ ಹೋಗುತ್ತದೆ. ಹೀಗಾಗಿ ಒಂದು ಭಂಗಿಯಲ್ಲಿ ವಾಚು ಎಷ್ಟು ಹಿಂದೆ ಬೀಳುತ್ತದೋ ಇನ್ನೊಂದರಲ್ಲಿ ಸುಮಾರು ಅಷ್ಟೇ ಮುಂದೆ ಓಡುತ್ತದೆ. ಕ್ರೌನ್ ಮೇಲೆ ಮತ್ತು ಕ್ರೌನ್ ಕೆಳಗೆ ಎಂಬ ಎರಡು ಭಂಗಿಗಳ ನಡುವೆ ದೊಡ್ಡ ಅಂತರ ಕಂಡರೆ ಅದು ಬಹುತೇಕ ಈ ತೂಕದ ದೋಷ. ಎರಡರಲ್ಲೂ ವಾಚು ಒಂದೇ ತೆರನಾಗಿ ಹಿಂದೆ ಬಿದ್ದರೆ ಅದು ಘರ್ಷಣೆ ಮತ್ತು ಬೀಸಿನ ಪರಿಣಾಮ. ರಿಪೇರಿಯವರು ವಾಚನ್ನು ಹಲವು ಭಂಗಿಗಳಲ್ಲಿ ಪರೀಕ್ಷಿಸುವುದು ಈ ಎರಡನ್ನು ಬೇರ್ಪಡಿಸಿ ನೋಡಲು.

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ತಳದಲ್ಲಿರುವ ಭಾರ ವಾಚನ್ನು ಹಿಂದಕ್ಕೆ ಎಳೆಯುತ್ತದೋ ಮುಂದಕ್ಕೆ ತಳ್ಳುತ್ತದೋ ಎಂಬುದು ಬೀಸಿನ ಮೇಲೆ ನಿಂತಿದೆ. ಬೀಸು 220 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ತೂಕದ ದೋಷದಿಂದ ಏನೂ ಆಗುವುದಿಲ್ಲ. ಅದಕ್ಕಿಂತ ಹೆಚ್ಚಿದ್ದಾಗ ತಳದ ಭಾರ ವಾಚನ್ನು ನಿಧಾನ ಮಾಡುತ್ತದೆ, ಕಡಿಮೆಯಿದ್ದಾಗ ಚುರುಕು ಮಾಡುತ್ತದೆ. ವರ್ಷಗಳ ಕಾಲ ಕ್ರೌನ್ ಕೆಳಗಿಟ್ಟಾಗ ಹಿಂದೆ ಬೀಳುತ್ತಿದ್ದ ವಾಚು ಈಗೀಗ ಅದೇ ಭಂಗಿಯಲ್ಲಿ ಮುಂದೆ ಹೋಗಲು ಶುರುಮಾಡಿದರೆ, ಎಣ್ಣೆ ಒಣಗಿ ಬೀಸು ಕುಸಿದಿರುವ ಸಾಧ್ಯತೆ ಹೆಚ್ಚು. ಆ ವಾಚಿಗೆ ಬೇಕಿರುವುದು ಹೊಸ ಭಂಗಿಯಲ್ಲ, ಸರ್ವಿಸ್.

ಕ್ರೌನ್ ಕೆಳಗಿನ ಭಂಗಿ ರಾತ್ರಿಯದ್ದು ಮಾತ್ರವಲ್ಲ. ಎಡಗೈಗೆ ಕಟ್ಟಿದ ವಾಚಿನ ಕ್ರೌನ್ ಬೆರಳುಗಳ ಕಡೆಗೆ ಇರುತ್ತದೆ. ಕೈ ಇಳಿಬಿಟ್ಟು ನಡೆಯುವಾಗಲೂ ನಿಂತಾಗಲೂ ಅದು ನೆಲ ನೋಡುತ್ತದೆ. ಕ್ರೌನ್ ಮೇಲಾಗುವ ಸಂದರ್ಭ ದಿನದಲ್ಲಿ ಬಹಳ ವಿರಳ. ಆದ್ದರಿಂದ ವಾಚನ್ನು ಹೊಂದಿಸುವಾಗ ಕ್ರೌನ್ ಕೆಳಗಿನ ನಡೆಗೆ ಹೆಚ್ಚು ಗಮನ ಕೊಡುವುದು ಸಹಜ, ಕ್ರೌನ್ ಮೇಲಿನದಕ್ಕೆ ಅಷ್ಟಾಗಿ ಅಲ್ಲ. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೊನೋಮೀಟರ್ ಪರೀಕ್ಷಾ ಸಂಸ್ಥೆ ಕೋಸ್ಕ್ ಒಂದೊಂದು ಯಂತ್ರವನ್ನೂ 15 ದಿನ ಐದು ಭಂಗಿಗಳಲ್ಲಿ ನೋಡುತ್ತದೆ: ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ ಎಡಕ್ಕೆ, ಕ್ರೌನ್ ಮೇಲೆ, ಕ್ರೌನ್ ಕೆಳಗೆ. ದಿನದ ಸರಾಸರಿ ನಡೆ 4 ಸೆಕೆಂಡು ಹಿಂದಿನಿಂದ 6 ಸೆಕೆಂಡು ಮುಂದಿನವರೆಗೆ ಇರಬೇಕು. ಅಷ್ಟು ಬಿಗಿಯಾದ ಪರೀಕ್ಷೆಯಲ್ಲೂ ಮಲಗಿದ ಮತ್ತು ನಿಂತ ಭಂಗಿಗಳ ನಡುವೆ ದಿನಕ್ಕೆ 6 ಸೆಕೆಂಡು ಕಡಿಮೆಯಿಂದ 8 ಸೆಕೆಂಡು ಹೆಚ್ಚಿನವರೆಗಿನ ಅಂತರಕ್ಕೆ ಅವಕಾಶವಿದೆ. ಉತ್ತಮ ದರ್ಜೆಯ ವಾಚೂ ಭಂಗಿಯ ಹಿಡಿತದಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒಂದು ಲೆಕ್ಕವನ್ನು ಬಿಡಿಸಿ ನೋಡಿದರೆ ಇದರ ಉಪಯೋಗ ಸ್ಪಷ್ಟವಾಗುತ್ತದೆ. ಒಂದು ವಾಚು ಹಗಲಿನ 16 ಗಂಟೆ ಕೈಮೇಲಿದ್ದು 6 ಸೆಕೆಂಡು ಮುಂದೆ ಹೋಗುತ್ತದೆ ಎಂದಿಟ್ಟುಕೊಳ್ಳಬಹುದು. ಡಯಲ್ ಮೇಲಿಟ್ಟಾಗ ಅದರ ನಡೆ ದಿನಕ್ಕೆ 12 ಸೆಕೆಂಡು ಮುಂದೆ. ರಾತ್ರಿಯ ಎಂಟು ಗಂಟೆ ದಿನದ ಮೂರನೇ ಒಂದು ಭಾಗವಾದ್ದರಿಂದ ಸೇರುವುದು 4 ಸೆಕೆಂಡು, ಒಟ್ಟು 10. ಕ್ರೌನ್ ಕೆಳಗಿಟ್ಟಾಗ ದಿನಕ್ಕೆ 3 ಸೆಕೆಂಡು ಹಿಂದೆ. ರಾತ್ರಿ ಕಳೆಯುವುದು 1 ಸೆಕೆಂಡು, ಒಟ್ಟು 5. ಕ್ರೌನ್ ಮೇಲಿಟ್ಟಾಗ ದಿನಕ್ಕೆ 15 ಸೆಕೆಂಡು ಹಿಂದೆ. ರಾತ್ರಿ ಕಳೆಯುವುದು 5, ಉಳಿಯುವುದು ಕೇವಲ 1. ಈ ವಾಚಿನ ಒಡೆಯರು ಕ್ರೌನ್ ಮೇಲೆ ಮಾಡಿ ಇಟ್ಟರೆ ತಿಂಗಳಿಗೆ ಅರ್ಧ ನಿಮಿಷದ ತಪ್ಪು, ಡಯಲ್ ಮೇಲಿಟ್ಟರೆ ಐದು ನಿಮಿಷದ ತಪ್ಪು. ಇನ್ನೊಂದು ವಾಚಿನಲ್ಲಿ ಇದೇ ಲೆಕ್ಕ ತಲೆಕೆಳಗಾಗಿರಬಹುದು. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ವಾಚುಗಳಲ್ಲೂ ತೂಕದ ದೋಷ ಒಂದೇ ಕಡೆ ಇರಬೇಕೆಂದಿಲ್ಲ.

ಹಾಗಾಗಿ ಪ್ರತಿ ವಾಚನ್ನೂ ಅಳೆದೇ ತಿಳಿಯಬೇಕು. ಇದಕ್ಕೆ ಉಪಕರಣವೇನೂ ಬೇಡ, ಮೊಬೈಲಿನ ನೆಟ್‌ವರ್ಕ್ ಸಮಯ ಸಾಕು. ಮಲಗುವ ಮುನ್ನ ಸೆಕೆಂಡಿನ ಮುಳ್ಳು 12ನ್ನು ದಾಟುವ ಕ್ಷಣದಲ್ಲಿ ಮೊಬೈಲ್ ತೋರಿಸುವ ಸೆಕೆಂಡನ್ನು ಬರೆದಿಡಬೇಕು. ಎದ್ದ ಕೂಡಲೇ ಮತ್ತೊಮ್ಮೆ ಬರೆಯಬೇಕು. ಎರಡರ ವ್ಯತ್ಯಾಸವೇ ಆ ರಾತ್ರಿಯ ನಡೆ. ಕಣ್ಣಂದಾಜಿನಲ್ಲಿ ಅರ್ಧ ಸೆಕೆಂಡಿನ ತಪ್ಪು ಸಹಜವಾದ್ದರಿಂದ ಒಂದೇ ರಾತ್ರಿಯ ಅಂಕಿಯನ್ನು ನಂಬಬಾರದು. ಒಂದು ಭಂಗಿಯಲ್ಲಿ ನಾಲ್ಕೈದು ರಾತ್ರಿ ಇಟ್ಟು ಸರಾಸರಿ ತೆಗೆದ ಮೇಲೆ ಮುಂದಿನ ಭಂಗಿಗೆ ಹೋಗುವುದು ಸರಿಯಾದ ಕ್ರಮ.

ಅಳತೆಯನ್ನು ಕೆಡಿಸುವ ದೊಡ್ಡ ಕಾರಣ ಚಾವಿಯ ಕೊರತೆ. ಆಟೊಮ್ಯಾಟಿಕ್ ವಾಚಿಗೆ ಚಾವಿ ಸಿಗುವುದು ಕೈಯ ಚಲನೆಯಿಂದ ತಿರುಗುವ ಅರ್ಧಚಂದ್ರಾಕಾರದ ರೋಟರಿನಿಂದ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರ ವಾಚು ರಾತ್ರಿಯ ಹೊತ್ತಿಗೆ ಅರ್ಧ ಮಾತ್ರ ತುಂಬಿರಬಹುದು. ಆಗ ಬೀಸು ಮೊದಲೇ ತಗ್ಗಿರುತ್ತದೆ, ಬೆಳಗಿನವರೆಗೆ ಇನ್ನಷ್ಟು ತಗ್ಗುತ್ತದೆ, ಭಂಗಿಯ ಪರಿಣಾಮವೂ ಬದಲಾಗುತ್ತದೆ. ಕೈಯಿಂದ ಚಾವಿ ಕೊಡಬಹುದಾದ ವಾಚಾದರೆ ಅಳತೆಯ ದಿನಗಳಲ್ಲಿ ಮಲಗುವ ಮುನ್ನ ಇಪ್ಪತ್ತು ಮೂವತ್ತು ಸುತ್ತು ಕೊಟ್ಟು, ಆಮೇಲೆ ಸಮಯ ಬರೆದುಕೊಂಡರೆ ಅಂಕಿಗಳು ಒಂದಕ್ಕೊಂದು ಹೊಂದುತ್ತವೆ. ಅಂದಹಾಗೆ, ರೋಟರ್ ಯಾವ ಕಡೆ ಜೋತುಬಿದ್ದಿದೆ ಎಂಬುದರಿಂದ ರಾತ್ರಿಯ ನಡೆಗೆ ಏನೂ ಆಗುವುದಿಲ್ಲ. ಅದು ಮೈನ್‌ಸ್ಪ್ರಿಂಗಿಗೆ ಬಲ ತುಂಬುವ ಭಾಗವೇ ಹೊರತು ಕಾಲ ಎಣಿಸುವ ಭಾಗವಲ್ಲ.

ಕ್ರೌನ್ ಕೆಳಗೆ ಮಾಡಿ ಇಡುವಾಗ ವಾಚಿನ ಭಾರವೆಲ್ಲ ಕ್ರೌನಿನ ಅಂಚಿನ ಮೇಲೆ ಬೀಳುವುದುಂಟು. ಯಂತ್ರಕ್ಕೆ ಇದರಿಂದ ಹಾನಿಯಿಲ್ಲ, ಆದರೆ ಗಟ್ಟಿ ಮೇಜು ಗೀರು ಮೂಡಿಸುತ್ತದೆ. ಕೆಳಗೊಂದು ಮಡಿಸಿದ ಬಟ್ಟೆ ಇರಲಿ. ಸೀಕೋದ ಹಲವು ಡೈವರ್ ವಾಚುಗಳಲ್ಲಿ ಕ್ರೌನ್ ಇರುವುದು ನಾಲ್ಕರ ಹತ್ತಿರ. ಅವನ್ನು ಪಕ್ಕಕ್ಕೆ ನಿಲ್ಲಿಸಿದಾಗ ಕ್ರೌನ್ ನೇರ ಕೆಳಗೆ ಬಾರದೆ ಓರೆಯಾಗುವುದರಿಂದ ಪರಿಣಾಮವೂ ತುಸು ಬೇರೆಯಾಗುತ್ತದೆ. ಪ್ರತಿ ರಾತ್ರಿ ಒಂದೇ ರೀತಿ ನಿಲ್ಲಿಸಿದರೆ ಸಾಕು.

ಭಂಗಿ ಬದಲಿಸಿ ಸರಿಪಡಿಸಬಹುದಾದದ್ದು ದಿನಕ್ಕೆ ನಾಲ್ಕೈದು, ಹೆಚ್ಚೆಂದರೆ ಎಂಟು ಹತ್ತು ಸೆಕೆಂಡು. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಮುಂದೆ ಓಡತೊಡಗಿ, ಯಾವ ಭಂಗಿಯಲ್ಲಿಟ್ಟರೂ ಅದೇ ನಡೆ ತೋರಿಸಿದರೆ ಅದು ಸಾಮಾನ್ಯವಾಗಿ ಆಯಸ್ಕಾಂತದ ಕೆಲಸ. ಸ್ಪೀಕರ್ ಅಥವಾ ಆಯಸ್ಕಾಂತವಿರುವ ಟ್ಯಾಬ್ಲೆಟ್ ಕವರಿನ ಪಕ್ಕ ಇಟ್ಟಾಗ ಹೀಗಾಗುತ್ತದೆ, ರಿಪೇರಿಯವರು ಅದನ್ನು ಕ್ಷಣಮಾತ್ರದಲ್ಲಿ ತೆಗೆಯುತ್ತಾರೆ. ಪೂರ್ತಿ ಚಾವಿ ಇದ್ದೂ ಒಂದೇ ಭಂಗಿಯಲ್ಲಿ ಒಂದು ರಾತ್ರಿಯಿಂದ ಇನ್ನೊಂದಕ್ಕೆ ಅಂಕಿ ಮನಸ್ಸಿಗೆ ಬಂದಂತೆ ಏರಿಳಿದರೆ, ವಾಚನ್ನು ಬಿಚ್ಚಿ ತೊಳೆದು ಎಣ್ಣೆ ಹಾಕುವ ಕಾಲ ಬಂದಿದೆ.